ಅಪ್ಪೆಮಿಡಿ ಮಾರುವ ಪುಟಕ್ಕೆ ರೆಸಿಪಿ ಹುಡುಕುವವರೇ ಬರುತ್ತಿದ್ದರೆ: ಶೀರ್ಷಿಕೆಯ ದೋಷ ಪತ್ತೆ ಹಚ್ಚುವ ಬಗೆ

ಲಕ್ಷಣ ಹೀಗಿರುತ್ತದೆ. ಪುಟ ಗೂಗಲ್‌ನಲ್ಲಿ ಕಾಣಿಸುತ್ತಿದೆ. ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ತೆರೆದರೆ, ಪುಟ ಎಷ್ಟು ಸಲ ಕಾಣಿಸಿತು ಎಂದು ಹೇಳುವ ಇಂಪ್ರೆಶನ್‌ಗಳ ಗೆರೆ ಚೆನ್ನಾಗಿಯೇ ಏರಿದೆ. ಕ್ಲಿಕ್‌ಗಳ ಗೆರೆ ಮಾತ್ರ ನೆಲ ಬಿಟ್ಟು ಏಳುವುದಿಲ್ಲ. ಕ್ಲಿಕ್ ಮಾಡಿ ಬಂದ ಅಷ್ಟಿಷ್ಟು ಜನರೂ ಸ್ವಲ್ಪ ಕೆಳಗೆ ಸರಿಸಿ ನೋಡಿ ಹೊರಟುಹೋಗುತ್ತಾರೆ. ಆರ್ಡರ್ ಇಲ್ಲ. ಪುಟದ ಒಡತಿ ಫೋನ್ ಮಾಡಿ ಹೇಳುವುದು ಒಂದೇ ಮಾತು: "ಜನ ನೋಡಿದ್ದು ಕಾಣ್ತದೆ ತಮ್ಮಾ, ತಗೊಳ್ಳುವವರೇ ಇಲ್ಲ."

ಈ ದೂರಿಗೆ ಕಾರಣ ಹಲವು ಇರಬಹುದು. ಇಲ್ಲಿ ನಾವು ಹುಡುಕುವುದು ಒಂದನ್ನೇ. ಮಾರುವ ಪುಟದ ಶೀರ್ಷಿಕೆಯಲ್ಲಿ ತಿಳಿದುಕೊಳ್ಳಲು ಬಂದವರ ಪದಗಳು ಕೂತಿವೆಯೇ, ಅಥವಾ ತಿಳಿಸುವ ಪುಟದ ಶೀರ್ಷಿಕೆಯಲ್ಲಿ ಕೊಳ್ಳುವವರ ಪದಗಳು ಕೂತಿವೆಯೇ ಎನ್ನುವುದು. ಹುಡುಕುವವರ ಉದ್ದೇಶವನ್ನು ಹೀಗೆ ವಿಂಗಡಿಸುವುದು ಹೊಸದೇನಲ್ಲ. ಆಲ್ಟಾವಿಸ್ಟಾ ಎನ್ನುವ ಹಳೆಯ ಹುಡುಕಾಟ ತಾಣದಲ್ಲಿ ಕೆಲಸ ಮಾಡಿದ್ದ ಆಂಡ್ರೆ ಬ್ರೋಡರ್ 2002ರಲ್ಲೇ ಹುಡುಕಾಟಗಳನ್ನು ಮೂರು ಬಗೆ ಮಾಡಿದ್ದರು: ಮಾಹಿತಿ ಬೇಕಾದವು, ಒಂದು ಕೆಲಸ ಅಥವಾ ವ್ಯವಹಾರ ಮುಗಿಸಬೇಕಾದವು, ಒಂದು ನಿರ್ದಿಷ್ಟ ತಾಣಕ್ಕೆ ಹೋಗಬೇಕಾದವು. ಮೂರನೆಯದು ನಮ್ಮ ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಬರುವವರದ್ದು. ಅವರು ಶೀರ್ಷಿಕೆ ಹೇಗಿದ್ದರೂ ಬರುತ್ತಾರೆ. ಅವರನ್ನು ಬಿಡೋಣ.

ಉದಾಹರಣೆಗೆ ಶಿರಸಿ ಕಡೆಯ ಒಂದು ಮನೆ ಉಪ್ಪಿನಕಾಯಿ ಉದ್ಯೋಗವನ್ನು ಇಟ್ಟುಕೊಳ್ಳೋಣ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಬಾಟಲಿ ತುಂಬಿ ಬೆಂಗಳೂರು, ಮುಂಬೈಗೆ ಕೊರಿಯರ್ ಮಾಡುವ ಮನೆ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ದುಂಡಗೆ ಮಾಡಿಟ್ಟವು. ನಿಮ್ಮ ಪುಟದಲ್ಲಿ ಬೇರೆ ಇರುತ್ತವೆ, ಆದರೆ ಅವುಗಳ ಚಹರೆ ಹೀಗೇ ಇದ್ದರೆ ದೋಷವೂ ಇದೇ.

ಮೊದಲು ಬೇರೆ ಕಾಯಿಲೆಗಳನ್ನು ಬದಿಗಿಡಿ

ಶೀರ್ಷಿಕೆಯನ್ನು ಮುಟ್ಟುವ ಮೊದಲು ಎರಡು ಸಂಗತಿ ಖಾತ್ರಿ ಮಾಡಿಕೊಳ್ಳಬೇಕು.

ಒಂದು, ಪುಟ ಗೂಗಲ್ ಸೂಚಿಯಲ್ಲಿ ಇದೆಯೇ? ಸರ್ಚ್ ಕನ್ಸೋಲ್‌ನ ಮೇಲ್ಗಡೆ ಇರುವ URL Inspection ಪೆಟ್ಟಿಗೆಗೆ ಪುಟದ ವಿಳಾಸ ಹಾಕಿ. ಸೂಚಿಯಲ್ಲೇ ಇಲ್ಲ ಅಂದರೆ ಅದು ಬೇರೆ ರೋಗ, ಈ ಬರಹದ ಮದ್ದು ಅದಕ್ಕೆ ನಾಟುವುದಿಲ್ಲ.

ಎರಡು, ನೀವು ಬರೆದ ಶೀರ್ಷಿಕೆಯೇ ಫಲಿತಾಂಶದಲ್ಲಿ ಕಾಣುತ್ತಿದೆಯೇ? ಇದನ್ನು ಬಹಳ ಜನ ನೋಡುವುದೇ ಇಲ್ಲ. ಬ್ರೌಸರ್ ಟ್ಯಾಬ್ ಮೇಲೆ ಬೆರಳಿಟ್ಟರೆ ಕಾಣುವುದು ನೀವು ಕೊಟ್ಟ `<title>`. ಗೂಗಲ್ ಫಲಿತಾಂಶದಲ್ಲಿ ಕಾಣುವ ನೀಲಿ ಸಾಲು ಅದೇ ಆಗಿರಬೇಕೆಂದಿಲ್ಲ. ಪುಟದ ದೊಡ್ಡ ತಲೆಬರಹ, `<h1>`, `og:title`, ಬೇರೆ ಪುಟಗಳು ನಿಮಗೆ ಕೊಟ್ಟ ಲಿಂಕಿನ ಪದಗಳು, ಇವುಗಳಿಂದಲೂ ಗೂಗಲ್ ಆ ಸಾಲನ್ನು ಎತ್ತಿಕೊಳ್ಳುತ್ತದೆ. ಶೀರ್ಷಿಕೆ ಅರ್ಧಂಬರ್ಧ ಇದ್ದರೆ, ಎಲ್ಲ ಪುಟಕ್ಕೂ ಒಂದೇ ಸಾಲು ಅಂಟಿಸಿದ್ದರೆ, ಅಥವಾ ಪುಟದಲ್ಲಿರುವುದಕ್ಕೆ ಹೊಂದದಿದ್ದರೆ ಹೀಗೆ ಬದಲಾಗುವುದು ಜಾಸ್ತಿ. ಕನ್ನಡದವರಿಗೆ ಇನ್ನೊಂದು ಬಲೆ ಇದೆ. ಪುಟವೆಲ್ಲ ಕನ್ನಡದಲ್ಲಿದ್ದು ಶೀರ್ಷಿಕೆ ಮಾತ್ರ ಇಂಗ್ಲಿಷ್‌ನಲ್ಲಿದ್ದರೂ ಗೂಗಲ್ ಅದನ್ನು ಹೊಂದಾಣಿಕೆಯಿಲ್ಲದ್ದು ಅಂತ ತಿಳಿದು ಬದಲಿಸಬಹುದು. ನಮ್ಮಲ್ಲಿ ಹೀಗೆ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ, "ಇಂಗ್ಲಿಷ್ ಇದ್ದರೆ ಗೂಗಲ್‌ಗೆ ತಿಳಿಯುತ್ತದೆ" ಎನ್ನುವ ನಂಬಿಕೆಯಿಂದ.

ನಮ್ಮ ಉಪ್ಪಿನಕಾಯಿ ಪುಟದಲ್ಲಿ ಎರಡೂ ಸರಿಯಾಗಿದೆ. ಸೂಚಿಯಲ್ಲಿದೆ, ಬರೆದ ಶೀರ್ಷಿಕೆಯೇ ಕಾಣುತ್ತಿದೆ. ಆ ಶೀರ್ಷಿಕೆ ಇದು:

```
<title>ಅಪ್ಪೆಮಿಡಿ ಉಪ್ಪಿನಕಾಯಿ: ಮಾಡುವ ವಿಧಾನ, ಪ್ರಯೋಜನ ಮತ್ತು ಮಹತ್ವ</title>
```

ಓದಿದರೆ ತಪ್ಪೇನೂ ಕಾಣುವುದಿಲ್ಲ. ಪುಟದಲ್ಲಿ ಅಪ್ಪೆಮಿಡಿ ಹೊಳೆದಂಡೆಯ ಮರಗಳಿಂದ ಬರುವ ಬಗ್ಗೆ ಎರಡು ಪ್ಯಾರಾ, ಉಪ್ಪುನೀರಿನಲ್ಲಿ ಹಾಕಿಡುವ ಬಗ್ಗೆ ಒಂದು ಪ್ಯಾರಾ, ಕೊನೆಯಲ್ಲಿ ಬಾಟಲಿಯ ಚಿತ್ರ, ಬೆಲೆ, ಆರ್ಡರ್ ಗುಂಡಿ ಇದೆ. ಆರ್ಡರ್ ಗುಂಡಿ ಇದೆಯಲ್ಲ, ಹಾಗಾಗಿ ಇದು ಮಾರುವ ಪುಟ ಅಂತ ಮನೆಯವರ ಲೆಕ್ಕ. ಹುಡುಕುವವರಿಗೆ ಮಾತ್ರ ಆ ವಿಷಯ ಶೀರ್ಷಿಕೆಯಿಂದ ತಿಳಿಯುವುದೇ ಇಲ್ಲ.

ಯಾರು ಬರುತ್ತಿದ್ದಾರೆ ಎಂದು ನೋಡುವುದು

ಸರ್ಚ್ ಕನ್ಸೋಲ್‌ನಲ್ಲಿ Performance ತೆರೆಯಿರಿ. ಮೇಲೆ ಕ್ಲಿಕ್, ಇಂಪ್ರೆಶನ್, ಕಂಡದ್ದರಲ್ಲಿ ಕ್ಲಿಕ್ ಆದ ಪಾಲು ತೋರಿಸುವ CTR, ಸರಾಸರಿ ಸ್ಥಾನ, ನಾಲ್ಕನ್ನೂ ಆನ್ ಮಾಡಿ. ಅವಧಿ 3 ತಿಂಗಳು ಇರಲಿ. ಆಮೇಲೆ Page ಸೋಸುವಿಕೆ ಹಾಕಿ ಆ ಒಂದೇ ಪುಟದ ವಿಳಾಸ ಕೊಡಿ. ಇಡೀ ತಾಣದ ಅಂಕಿ ನೋಡಿ ಒಂದು ಪುಟದ ಕಾಯಿಲೆ ಹೇಳಲು ಬರುವುದಿಲ್ಲ. ಈಗ Queries ಪಟ್ಟಿ ನೋಡಿದರೆ ಜನ ಏನೇನು ಟೈಪ್ ಮಾಡಿದಾಗ ನಿಮ್ಮ ಪುಟ ಕಾಣಿಸಿತು ಎನ್ನುವುದು ಸಾಲಾಗಿ ಬರುತ್ತದೆ.

ಇಲ್ಲಿ ಒಂದು ಎಚ್ಚರ. ಗ್ರಾಫಿನಲ್ಲಿ ಒಟ್ಟು ಇಂಪ್ರೆಶನ್ 10,000 ಅಂತಿದ್ದು, ಪಟ್ಟಿಯಲ್ಲಿರುವುದನ್ನು ಕೂಡಿದರೆ 8,000 ಮಾತ್ರ ಬರಬಹುದು. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗುಟ್ಟಿನ ಕಾರಣಕ್ಕೆ ಗೂಗಲ್ ತೋರಿಸುವುದಿಲ್ಲ. ಲೆಕ್ಕ ತಾಳೆಯಾಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಈಗ ಪಟ್ಟಿಯನ್ನು ಗುಂಪು ಮಾಡಬೇಕು. ನೂರಾರು ಸಾಲು ಇದ್ದರೆ ಕೈಯಲ್ಲಿ ಆಗುವುದಿಲ್ಲ. Query ಸೋಸುವಿಕೆಯಲ್ಲಿ Custom (regex) ಆರಿಸಿ ಹೀಗೆ ಹಾಕಿ:

```
recipe|how to|benefits|maduva|ಮಾಡುವ|ಎಂದರೇನು|ಪ್ರಯೋಜನ
```

ಇದು ತಿಳಿದುಕೊಳ್ಳಲು ಬಂದವರ ಗುಂಪು. ಕೊಳ್ಳಲು ಬಂದವರಿಗೆ ಇನ್ನೊಂದು:

```
buy|online|price|kg|bele|ಬೆಲೆ|ಖರೀದಿ|ಕೆಜಿ
```

ಕನ್ನಡ ಲಿಪಿ, ಇಂಗ್ಲಿಷ್, ಇಂಗ್ಲಿಷ್ ಅಕ್ಷರದ ಕನ್ನಡ, ಮೂರನ್ನೂ ಸೇರಿಸಬೇಕು. ಒಬ್ಬರೇ ಬೆಳಿಗ್ಗೆ ಕನ್ನಡದಲ್ಲಿ ಮಾತಾಡಿ ಹುಡುಕುತ್ತಾರೆ, ಸಂಜೆ `appemidi uppinakayi` ಅಂತ ಟೈಪ್ ಮಾಡುತ್ತಾರೆ. `appe midi` ಎಂದು ಬಿಡಿಸಿ ಬರೆಯುವವರೂ ಇದ್ದಾರೆ.

ನಮ್ಮ ಪುಟದ 8,000 ಇಂಪ್ರೆಶನ್ ಹೀಗೆ ಹಂಚಿಕೊಂಡಿವೆ. ಮಾಡುವ ವಿಧಾನ, ಪ್ರಯೋಜನ ಹುಡುಕಿದವರದ್ದು 5,600. ಅದರಲ್ಲಿ ಕ್ಲಿಕ್ 34, ಸರಾಸರಿ ಸ್ಥಾನ 14. ಸುಮ್ನೆ "ಅಪ್ಪೆಮಿಡಿ ಉಪ್ಪಿನಕಾಯಿ" ಅಂತಷ್ಟೇ ಹುಡುಕಿದವರದ್ದು 1,500, ಕ್ಲಿಕ್ 30, ಸ್ಥಾನ 11. ಬೆಲೆ, ಕೆಜಿ, ಖರೀದಿ ಅಂತ ಹುಡುಕಿದವರದ್ದು ಬರೀ 400. ಆದರೆ ಕ್ಲಿಕ್ 28, ಸ್ಥಾನ 9. ಗಿಡ, ಸಸಿ, ಕಸಿ ಅಂತೆಲ್ಲ ಹುಡುಕಿದವರದ್ದು 500, ಕ್ಲಿಕ್ 4.

ಈ ಚಹರೆಯಲ್ಲೇ ರೋಗ ಇದೆ. ಮೊದಲ ಗುಂಪಿನಲ್ಲಿ ಸಾವಿರಕ್ಕೆ ಆರು ಜನ ಕ್ಲಿಕ್ ಮಾಡುತ್ತಾರೆ. ಕೊಳ್ಳುವವರ ಗುಂಪಿನಲ್ಲಿ ನೂರಕ್ಕೆ ಏಳು ಜನ. ಶೀರ್ಷಿಕೆಯಲ್ಲಿ ಕೊಳ್ಳುವ ಸುಳಿವು ಒಂದೂ ಇಲ್ಲದಿದ್ದರೂ ಅವರು ಹುಡುಕಿಕೊಂಡು ಬಂದಿದ್ದಾರೆ. ಇಂಪ್ರೆಶನ್ ಗೆರೆ ಏರಿದ್ದು ಮಾತ್ರ ಮೊದಲ ಗುಂಪಿನಿಂದ. ಅಲ್ಲಿ ನಮ್ಮ ಸ್ಥಾನ 14, ಅಂದರೆ ಅಡುಗೆ ವಿಡಿಯೊ, ಅಡುಗೆ ಬರಹಗಳ ಕೆಳಗೆ ಎಲ್ಲೋ. ಅಲ್ಲಿ ಗೆಲ್ಲುವುದೂ ಕಷ್ಟ, ಗೆದ್ದರೂ ಬರುವವರು ಮಿಡಿ ತಂದು ಮನೆಯಲ್ಲೇ ಹಾಕಬೇಕು ಅಂತ ಹೊರಟವರು. ಅವರಿಗೆ ಬಾಟಲಿ ಬೇಡ.

ಆರ್ಡರ್ ಬಾರದಿರಲು ಕಾರಣ ಬೇರೆಯದಾಗಿದ್ದರೆ ಚಹರೆ ಬೇರೆಯೇ ಇರುತ್ತಿತ್ತು. ಕೊಳ್ಳುವವರ ಗುಂಪೇ ದೊಡ್ಡದಿದ್ದು, ಅವರು ಕ್ಲಿಕ್ ಮಾಡಿಯೂ ಕೊಳ್ಳದೆ ಹೋಗುತ್ತಿದ್ದರೆ ಶೀರ್ಷಿಕೆಯನ್ನು ದೂರಬೇಡಿ. ಕೊರಿಯರ್ ಖರ್ಚು ಕೊನೆಯ ಹೆಜ್ಜೆಯಲ್ಲಿ ಕಾಣಿಸಿತೋ, ಫೋನಿನಲ್ಲಿ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲವೋ ನೋಡಿ. ಗಾಜಿನ ಬಾಟಲಿಯ ತೂಕಕ್ಕೆ ಕೊರಿಯರ್ ಖರ್ಚು ಜಾಸ್ತಿ ಬರುವುದು ಉಪ್ಪಿನಕಾಯಿ ಮಾರುವವರಿಗೆಲ್ಲ ಗೊತ್ತು.

ಪದ ನೋಡಿ ಉದ್ದೇಶ ಹೇಳಬೇಡಿ, ಫಲಿತಾಂಶ ನೋಡಿ ಹೇಳಿ

ಈ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪದಗಳ ಪಟ್ಟಿ ಮಾಡಿ "ಬೆಲೆ ಅಂದರೆ ಕೊಳ್ಳುವವರು, ಹೇಗೆ ಅಂದರೆ ಕಲಿಯುವವರು" ಅಂತ ವಿಂಗಡಿಸಿದ್ದು ಮೊದಲ ಅಂದಾಜು ಮಾತ್ರ. ಅದು ಎಷ್ಟು ಮೋಸ ಮಾಡುತ್ತದೆ ಎನ್ನುವುದಕ್ಕೆ ಶಿರಸಿಯಲ್ಲೇ ಒಳ್ಳೆಯ ಉದಾಹರಣೆ ಇದೆ: ಅಡಿಕೆ ದರ. ಯಾರೋ ಒಬ್ಬರು ಶಿರಸಿ ಅಡಿಕೆಯನ್ನು ಕಾಲು ಕೆಜಿ, ಅರ್ಧ ಕೆಜಿ ಪೊಟ್ಟಣ ಮಾಡಿ ಊರಾಚೆಗೆ ಮಾರಲು ಹೊರಟರು ಅನ್ನಿ. ದರ ಅನ್ನುವ ಪದ ಇದ್ದರೆ ಕೊಳ್ಳುವವರು ಬರುತ್ತಾರೆ ಅಂತ ಶೀರ್ಷಿಕೆಯಲ್ಲಿ "ಶಿರಸಿ ಅಡಿಕೆ ದರ" ಅಂತ ಹಾಕಿದರು. ಬರುವವರು ಯಾರು? ತೋಟದವರು. ಅವರಿಗೆ ಬೇಕಾದದ್ದು ಇವತ್ತು ಮಾರುಕಟ್ಟೆಯಲ್ಲಿ ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಚಾಲಿ ಎಷ್ಟಕ್ಕೆ, ಬೆಟ್ಟೆ ಎಷ್ಟಕ್ಕೆ, ಕ್ವಿಂಟಲ್ ಲೆಕ್ಕದಲ್ಲಿ. ಅವರ ಕೋಣೆಯಲ್ಲಿ ಚೀಲಗಟ್ಟಲೆ ಅಡಿಕೆ ಇದೆ, ಅವರು ಕೊಳ್ಳುವವರಲ್ಲ, ಮಾರುವವರು. ಬೆಲೆಯ ಪದ ಇದ್ದರೂ ಅದು ಅಪ್ಪಟ ಮಾಹಿತಿಯ ಹುಡುಕಾಟ. ಅದೂ ದಿನಕ್ಕೊಮ್ಮೆ ಹೊಸದಾಗಿ ಬೇಕಾದ ಮಾಹಿತಿ.

ಹಾಗಾದರೆ ಉದ್ದೇಶ ತಿಳಿಯುವುದು ಹೇಗೆ? ಆ ಪದವನ್ನು ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ಹುಡುಕಿ, ಗೂಗಲ್ ಮೊದಲ ಪುಟದಲ್ಲಿ ಏನು ಇಟ್ಟಿದೆ ನೋಡಿ. ಅದೇ ಮಾತನ್ನು ಹುಡುಕಿದ ಎಷ್ಟೋ ಜನರ ನಡವಳಿಕೆ ನೋಡಿ ಗೂಗಲ್ ಅಲ್ಲಿಗೆ ಬಂದಿರುತ್ತದೆ, ನಮ್ಮ ಅಂದಾಜಿಗಿಂತ ಅದು ಗಟ್ಟಿ. ವಿಡಿಯೊಗಳ ಸಾಲು, ಅಡುಗೆ ಬರಹಗಳು, "ಜನರು ಇದನ್ನೂ ಕೇಳುತ್ತಾರೆ" ಪೆಟ್ಟಿಗೆ ಜಾಸ್ತಿ ಇದ್ದರೆ ಅದು ಮಾಹಿತಿ. ಬೆಲೆ ಬರೆದ ಚಿತ್ರಗಳು, ಜಾಹೀರಾತು, ಅಂಗಡಿಗಳ ಉತ್ಪನ್ನ ಪುಟಗಳೇ ಇದ್ದರೆ ವ್ಯವಹಾರ. ದರಗಳ ಕೋಷ್ಟಕ ಇರುವ ಪುಟಗಳೇ ಸಾಲಾಗಿದ್ದರೆ ಅಲ್ಲಿ ಪೊಟ್ಟಣ ಮಾರಲು ಹೋಗುವುದು ವ್ಯರ್ಥ.

ಶಿರಸಿಯಲ್ಲಿ ಕೂತು ಹುಡುಕಿದರೆ ಹತ್ತಿರದ ಅಂಗಡಿಗಳ ನಕ್ಷೆ ಬರಬಹುದು. ಬೆಂಗಳೂರಿನಲ್ಲಿ ಹುಡುಕಿದವರಿಗೆ ಅದು ಬಾರದು. ನಿಮ್ಮ ಗಿರಾಕಿ ಬೆಂಗಳೂರಿನವರಾದರೆ ಅಲ್ಲಿರುವ ಅಕ್ಕನಿಗೋ ಭಾವನಿಗೋ ಹೇಳಿ ಅವರ ಫೋನಿನಲ್ಲಿ ಹುಡುಕಿಸಿ ಚಿತ್ರ ತರಿಸಿಕೊಳ್ಳುವುದು ಒಳ್ಳೆಯದು.

ಈಗ ನಮ್ಮ ನಾಲ್ಕು ಗುಂಪುಗಳನ್ನು ಹೀಗೆ ಪರೀಕ್ಷಿಸೋಣ. ಮಾಡುವ ವಿಧಾನದ್ದು ಸಂಶಯವೇ ಇಲ್ಲ, ಪೂರ್ತಿ ಅಡುಗೆ. ಬೆಲೆ, ಕೆಜಿಯದ್ದರಲ್ಲಿ ಎರಡು ಬಗೆ ಬೆರೆತಿವೆ. "ಅಪ್ಪೆಮಿಡಿ ಉಪ್ಪಿನಕಾಯಿ 1 ಕೆಜಿ" ಕೊಳ್ಳುವವರದ್ದು. ಬರೀ "ಅಪ್ಪೆಮಿಡಿ ಬೆಲೆ" ಅನ್ನುವುದು ಹಸಿ ಮಿಡಿ ನೂರಕ್ಕೆ ಎಷ್ಟು ಅಂತ ಕೇಳುವವರದ್ದೂ ಆಗಿರಬಹುದು, ಮಿಡಿ ಸಿಗುವ ಬೇಸಿಗೆಯ ಹೊತ್ತಿನಲ್ಲಿ ಜಾಸ್ತಿ. ಅದನ್ನು ನಮ್ಮ ಗುಂಪಿನಿಂದ ತೆಗೆದಿಡಬೇಕು. ಗಿಡ, ಸಸಿ ಹುಡುಕಿದವರು ನಿಜವಾಗಿಯೂ ಕೊಳ್ಳುವವರೇ, ಆದರೆ ಅವರಿಗೆ ಬೇಕಾದದ್ದು ಅನಂತಭಟ್ಟನ ಅಪ್ಪೆಯಂಥ ತಳಿಯ ಕಸಿ ಸಸಿ. ಉಪ್ಪಿನಕಾಯಿ ಪುಟಕ್ಕೆ ಅವರು ದಾರಿ ತಪ್ಪಿ ಬಂದವರು.

ಉಳಿದದ್ದು ಬರೀ "ಅಪ್ಪೆಮಿಡಿ ಉಪ್ಪಿನಕಾಯಿ". ಇಲ್ಲಿ ಪದದಲ್ಲಿ ಯಾವ ಸುಳಿವೂ ಇಲ್ಲ. ಮೊದಲ ಪುಟ ಬೆರಕೆಯಾಗಿದ್ದರೆ, ಅಂದರೆ ಒಂದಷ್ಟು ರೆಸಿಪಿ ಒಂದಷ್ಟು ಅಂಗಡಿ ಇದ್ದರೆ, ನಮ್ಮಂಥ ಮಾರುವ ಪುಟಕ್ಕೂ ಅಲ್ಲಿ ಜಾಗ ಇದೆ ಅಂತ ಅರ್ಥ. ಹತ್ತಕ್ಕೆ ಹತ್ತೂ ರೆಸಿಪಿಯೇ ಇದ್ದರೆ ಶೀರ್ಷಿಕೆ ತಿದ್ದಿದ ಮಾತ್ರಕ್ಕೆ ಒಳಗೆ ನುಗ್ಗಲು ಆಗುವುದಿಲ್ಲ. ಆಗ ಕೆಜಿ, ಬಾಟಲಿ, ಊರಿನ ಹೆಸರು ಸೇರಿದ ಉದ್ದನೆಯ ಹುಡುಕಾಟಗಳನ್ನೇ ನಂಬಬೇಕು. ಇಂಗ್ಲಿಷ್ ಅಕ್ಷರದ `appemidi pickle` ಮತ್ತು ಕನ್ನಡ ಲಿಪಿಯದ್ದು ಬೇರೆ ಬೇರೆ ಫಲಿತಾಂಶ ಕೊಡುತ್ತವೆ, ಎರಡನ್ನೂ ನೋಡಿ. ನಮ್ಮ ಉದಾಹರಣೆಯಲ್ಲಿ ಬೆರಕೆ ಅಂತ ಇಟ್ಟುಕೊಳ್ಳೋಣ.

ಶೀರ್ಷಿಕೆಯ ಮುಖ್ಯ ಪದಗಳನ್ನು ಬದಲಿಸುವುದು

ಒಂದು ಪುಟ ಒಂದು ಉದ್ದೇಶಕ್ಕೆ ಅಂತ ಮೊದಲು ತೀರ್ಮಾನ ಮಾಡಿಕೊಳ್ಳಿ. "ಮಾಡುವ ವಿಧಾನ ಮತ್ತು ಖರೀದಿ" ಅಂತ ಎರಡನ್ನೂ ಒಂದೇ ಸಾಲಿನಲ್ಲಿ ತುಂಬಿದರೆ ಏನಾಗುತ್ತದೆ? ರೆಸಿಪಿ ಬೇಕಾದವರಿಗೆ ಇದು ಅಂಗಡಿಯ ಹಾಗೆ ಕಾಣುತ್ತದೆ, ಬಾಟಲಿ ಬೇಕಾದವರಿಗೆ ಬರಹದ ಹಾಗೆ. ಫೋನಿನ ಪರದೆಯಲ್ಲಿ ಸಾಲಿನ ಬಾಲ ತುಂಡಾಗುತ್ತದೆ, ಹಿಂದೆ ಇದ್ದ ಪದ ಕಾಣಿಸುವುದೇ ಇಲ್ಲ. ಗೂಗಲ್ ಇಷ್ಟೇ ಅಕ್ಷರ ಅಂತ ಮಿತಿ ಹೇಳಿಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುತ್ತದೆ. ಕನ್ನಡ ಅಕ್ಷರಗಳು ಅಗಲ, ಹಾಗಾಗಿ ಬೇಗ ತುಂಡಾಗುತ್ತವೆ. ಮುಖ್ಯ ಪದ ಮೊದಲೇ ಬರಬೇಕು ಅನ್ನುವುದು ಇದಕ್ಕೇ.

ಹೊಸ ಶೀರ್ಷಿಕೆ ಇದು:

```
<title>ಅಪ್ಪೆಮಿಡಿ ಉಪ್ಪಿನಕಾಯಿ 500 ಗ್ರಾಂ, 1 ಕೆಜಿ | ಶಿರಸಿಯಿಂದ ಕೊರಿಯರ್</title>
```

"ಖರೀದಿಸಿ" ಅನ್ನುವ ಪದ ಇಲ್ಲಿ ಇಲ್ಲ ಅನ್ನುವುದನ್ನು ಗಮನಿಸಿ. ಬೇಕಾಗಿಲ್ಲ. ಅಳತೆ ಇದೆ ಅಂದರೆ ಅದು ಮಾರುವ ವಸ್ತು ಅಂತ ಯಾರಿಗಾದರೂ ತಿಳಿಯುತ್ತದೆ. ಕೊರಿಯರ್ ಅನ್ನುವ ಪದ ಬೆಂಗಳೂರಿನಲ್ಲಿ ಕೂತವರಿಗೆ "ನಮ್ಮ ಮನೆಗೆ ಬರುತ್ತದೆ" ಅಂತ ಹೇಳುತ್ತದೆ. "ಅತ್ಯುತ್ತಮ", "ಶುದ್ಧ", "ಅಪ್ಪಟ ಮನೆಯ ರುಚಿ" ಇವನ್ನೆಲ್ಲ ಬಿಟ್ಟಿದ್ದೇನೆ. ಕೊಳ್ಳಲು ಹೊರಟವರು ಹುಡುಕುವಾಗ ಅವನ್ನು ಟೈಪ್ ಮಾಡುವುದು ಅಪರೂಪ, ಜಾಗ ಮಾತ್ರ ತಿನ್ನುತ್ತವೆ.

ಬೆಲೆಯನ್ನೂ ಶೀರ್ಷಿಕೆಯಲ್ಲಿ ಹಾಕಿಲ್ಲ. ಮಿಡಿಯ ದರ ವರ್ಷವರ್ಷವೂ ಏರಿಳಿಯುತ್ತದೆ, ಪುಟದಲ್ಲಿ ತಿದ್ದಿದರೂ ಫಲಿತಾಂಶದಲ್ಲಿ ಹಳೆಯ ಬೆಲೆ ಉಳಿದರೆ ಗಿರಾಕಿ ಜಗಳಕ್ಕೆ ಬರುತ್ತಾರೆ. ಬೆಲೆಗೆ ಬೇರೆ ದಾರಿ ಇದೆ. ಪುಟದ ಒಳಗೆ ಗೂಗಲ್ ಓದುವಂತೆ ಗುರುತು ಹಾಕಿದ ಉತ್ಪನ್ನದ ಮಾಹಿತಿ, ಅಂದರೆ structured data ಹಾಕಿ, ಅದರಲ್ಲಿ ಬೆಲೆ ಮತ್ತು ಸ್ಟಾಕ್ ಇದೆಯೋ ಇಲ್ಲವೋ ಅಂತ ಕೊಟ್ಟರೆ ಗೂಗಲ್ ಅದನ್ನು ಶೀರ್ಷಿಕೆಯ ಕೆಳಗೆ ತಾನೇ ತೋರಿಸಬಹುದು. ಅಂಗಡಿ ತಂತ್ರಾಂಶ ಬಳಸುವವರಿಗೆ ಇದು ಹೆಚ್ಚಾಗಿ ತಾನಾಗಿಯೇ ಬಂದಿರುತ್ತದೆ.

ಪುಟದ `<h1>` ಕೂಡ ಇದಕ್ಕೆ ಹೊಂದಬೇಕು. ಶೀರ್ಷಿಕೆ ಬದಲಿಸಿ, ತಲೆಬರಹವನ್ನು "ಅಪ್ಪೆಮಿಡಿಯ ಮಹತ್ವ" ಅಂತಲೇ ಬಿಟ್ಟರೆ ಗೂಗಲ್ ಅದನ್ನೇ ಎತ್ತಿಕೊಂಡು ತೋರಿಸುವ ಸಾಧ್ಯತೆ ಇದೆ. ಪುಟದ ಹೊಟ್ಟೆಯನ್ನೂ ತಿರುಗಿಸಿ ಹಾಕಬೇಕು. ಬಾಟಲಿ ಚಿತ್ರ, ಅಳತೆ, ಬೆಲೆ, ಗುಂಡಿ ಮೇಲೆ ಬರಲಿ. ಎಷ್ಟು ತಿಂಗಳು ಕೆಡದೆ ಇರುತ್ತದೆ, ಖಾರ ಎಷ್ಟು, ಎಣ್ಣೆ ಹಾಕಿದ್ದೋ ಉಪ್ಪುನೀರಿನದ್ದೋ ಅನ್ನುವ ವಿವರ ಅದರ ಕೆಳಗೆ. ಇವೂ ಮಾಹಿತಿಯೇ, ಆದರೆ ಕೊಳ್ಳುವವರು ಕೇಳುವ ಮಾಹಿತಿ. ಹೊಳೆದಂಡೆಯ ಮರದ ಕಥೆ ಮತ್ತು ಹಾಕುವ ವಿಧಾನ ಇನ್ನೊಂದು ಪುಟಕ್ಕೆ ಹೋಗಲಿ, ಆ ಪುಟಕ್ಕೆ ಹಳೆಯ ಶೀರ್ಷಿಕೆಯ ಪದಗಳನ್ನೇ ಕೊಡಿ. ಅಲ್ಲಿಂದ ಬಾಟಲಿ ಪುಟಕ್ಕೆ ಒಂದು ಲಿಂಕ್ ಇದ್ದರೆ ಸಾಕು. ಓದಿ "ಇಷ್ಟೆಲ್ಲ ಯಾರು ಮಾಡ್ತಾರೆ" ಅಂದುಕೊಂಡವರು ಅದರಿಂದ ದಾಟುತ್ತಾರೆ.

ಪುಟದ ವಿಳಾಸವನ್ನು ಬದಲಿಸಬೇಡಿ. ಮಾರುವ ಪುಟ ಹಳೆಯ ವಿಳಾಸದಲ್ಲೇ ಇರಲಿ, ಹೊಸ ವಿಳಾಸ ಬರಹಕ್ಕೆ ಸಿಗಲಿ. ವಿಳಾಸವೂ ಶೀರ್ಷಿಕೆಯೂ ಒಟ್ಟಿಗೆ ಬದಲಾದರೆ ಆಮೇಲೆ ಯಾವುದರಿಂದ ಏನಾಯಿತು ಅಂತ ಹೇಳಲು ಬರುವುದಿಲ್ಲ.

ಕೊಳ್ಳುವವರ ಗುಂಪಿನಲ್ಲಿ ಇಂಗ್ಲಿಷ್ ಅಕ್ಷರದ ಹುಡುಕಾಟವೇ ಜಾಸ್ತಿ ಇದ್ದರೆ ಕನ್ನಡ ಪುಟಕ್ಕೆ ಇಂಗ್ಲಿಷ್ ಶೀರ್ಷಿಕೆ ಅಂಟಿಸಬೇಡಿ. ಇಂಗ್ಲಿಷ್‌ನಲ್ಲೇ ಒಂದು ಪುಟ ಬರೆದು ಅದಕ್ಕೆ ಇಂಥದ್ದೊಂದು ಕೊಡಿ:

```
<title>Appemidi Pickle 500 g, 1 kg | Sirsi</title>
```

ವಾಸಿಯಾಯಿತೋ ಇಲ್ಲವೋ ತಿಳಿಯುವುದು

ಬದಲಿಸಿದ ದಿನಾಂಕ ಬರೆದಿಟ್ಟುಕೊಳ್ಳಿ. URL Inspection ನಲ್ಲಿ ಮರುಸೂಚಿಗೆ ಕೋರಿಕೆ ಹಾಕಿ. ಫಲಿತಾಂಶದಲ್ಲಿ ಹೊಸ ಸಾಲು ಕಾಣಿಸಿದ ದಿನದಿಂದ ಲೆಕ್ಕ ಶುರು, ಅದಕ್ಕೂ ಮೊದಲಿನದ್ದು ಬೇಡ. ಅದು ಕೆಲವು ದಿನಗಳಲ್ಲೂ ಆಗಬಹುದು, ಕೆಲವು ವಾರವೂ ಹಿಡಿಯಬಹುದು.

ಒಟ್ಟು ಇಂಪ್ರೆಶನ್ ಬೀಳುತ್ತದೆ. ಇದನ್ನು ಮೊದಲೇ ಪುಟದ ಒಡತಿಗೆ ಹೇಳಿಡಬೇಕು, ಇಲ್ಲದಿದ್ದರೆ ವಾರದೊಳಗೆ ಫೋನ್ ಬರುತ್ತದೆ: "ಎಂತ ಮಾಡಿದೆ ಮಾರಾಯಾ, ಇದ್ದದ್ದೂ ಹೋಯ್ತಲ್ಲ!" ನೋಡಬೇಕಾದ್ದು ಗುಂಪುಗಳನ್ನು. ನಮ್ಮ ಪುಟದಲ್ಲಿ ರೆಸಿಪಿ ಗುಂಪು 5,600 ರಿಂದ 2,000ಕ್ಕೆ ಇಳಿದು, ಕೊಳ್ಳುವವರ ಗುಂಪು 400 ರಿಂದ 900ಕ್ಕೆ ಏರಿ, ಅಲ್ಲಿನ ಕ್ಲಿಕ್ 28 ರಿಂದ 72 ಆಗಿ, ಸ್ಥಾನ 9 ರಿಂದ 6ಕ್ಕೆ ಬಂದರೆ ರೋಗ ನಿಜವಾಗಿಯೂ ಅದೇ ಆಗಿತ್ತು ಅಂತ ಅರ್ಥ. ಬರೀ ಪದ ಹುಡುಕಿದವರ ಗುಂಪಿನಲ್ಲೂ ಕ್ಲಿಕ್ ಸ್ವಲ್ಪ ಏರಬೇಕು, ಯಾಕೆಂದರೆ ಬೆರಕೆ ಫಲಿತಾಂಶದಲ್ಲಿ ಬಾಟಲಿ ಬೇಕಾದವರು ಈಗ ನಮ್ಮನ್ನು ಗುರುತಿಸುತ್ತಾರೆ.

ರೆಸಿಪಿ ಗುಂಪು ಬಿದ್ದು, ಕೊಳ್ಳುವವರ ಗುಂಪು ಇದ್ದಲ್ಲೇ ಇದ್ದರೆ? ಆಗ ಶೀರ್ಷಿಕೆ ಸರಿಯಾಗಿದೆ, ಆದರೆ ಆ ಪದಗಳಿಗೆ ದೊಡ್ಡ ಅಂಗಡಿಗಳ ಪುಟಗಳು ಮುಂದಿವೆ. ಮತ್ತೆ ಮತ್ತೆ ಶೀರ್ಷಿಕೆ ಕೆರೆಯುವುದರಿಂದ ಅದು ಸರಿಯಾಗುವುದಿಲ್ಲ.

ಹೋಲಿಸುವಾಗ ಋತುವನ್ನು ಮರೆಯಬೇಡಿ. ಅಪ್ಪೆಮಿಡಿಯ ಹುಡುಕಾಟ ಮಿಡಿ ಬರುವ ಕಾಲಕ್ಕೆ ಏರಿ, ಮಳೆಗಾಲಕ್ಕೆ ಇಳಿಯುವಂಥದ್ದು. ಮಾರ್ಚ್‌ನಲ್ಲಿ ಶೀರ್ಷಿಕೆ ಬದಲಿಸಿ ಜನವರಿಯ ಜೊತೆ ಹೋಲಿಸಿದರೆ ಗೆದ್ದ ಹಾಗೆ ಕಾಣುತ್ತದೆ, ಜೂನ್‌ನಲ್ಲಿ ಬದಲಿಸಿದರೆ ಸೋತ ಹಾಗೆ. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿ ಇಟ್ಟುಕೊಂಡಿರುತ್ತದೆ, ಹೋದ ವರ್ಷದ ಅದೇ ತಿಂಗಳುಗಳ ಜೊತೆ ಹೋಲಿಸಿ. ಗುಂಪಿನಲ್ಲಿ ಕ್ಲಿಕ್ ಹತ್ತೋ ಹನ್ನೆರಡೋ ಇದ್ದರೆ ಅದರ ಏರಿಳಿತಕ್ಕೆ ಅರ್ಥವೇ ಇಲ್ಲ. ಇನ್ನಷ್ಟು ದಿನ ಕಾಯಿರಿ.

ಇದೇ ದೋಷ ತಲೆಕೆಳಗಾಗಿ ಬಂದಾಗ

ಕರಾವಳಿಯ ಕಡೆ ಇದರ ಇನ್ನೊಂದು ರೂಪ ಕಾಣುತ್ತದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡುವ ಬಗ್ಗೆ ಒಬ್ಬರು ಚೆನ್ನಾಗಿ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ದೋಣಿಯಲ್ಲಿ ಹೊಟ್ಟೆ ತೊಳಸುವುದು, ಈಜು ಬಾರದವರು ಏನು ಮಾಡಬೇಕು, ಎಲ್ಲವೂ ಇದೆ. ಶೀರ್ಷಿಕೆ ಮಾತ್ರ "ನೇತ್ರಾಣಿ ಸ್ಕೂಬಾ ಡೈವಿಂಗ್ ಬುಕಿಂಗ್, ಪ್ಯಾಕೇಜ್ ಬೆಲೆ". ಪುಟದಲ್ಲಿ ಬುಕಿಂಗ್ ಇಲ್ಲ. ಅವರ ಪಟ್ಟಿಯಲ್ಲಿ ಬುಕಿಂಗ್ ಗುಂಪಿನ ಸ್ಥಾನ 30ರ ಆಚೆ, ಕ್ಲಿಕ್ ಸೊನ್ನೆ. "ಈಜು ಬಾರದಿದ್ದರೆ ಸ್ಕೂಬಾ ಮಾಡಬಹುದಾ" ಅಂತ ಕೇಳುವವರಿಗೆ ಮಾತ್ರ ಪುಟ ಅಲ್ಪಸ್ವಲ್ಪ ಕಾಣಿಸುತ್ತಿದೆ. ಚಹರೆ ನಮ್ಮ ಉಪ್ಪಿನಕಾಯಿಯದ್ದಕ್ಕೆ ಕನ್ನಡಿ ಹಿಡಿದ ಹಾಗೆ. ಮದ್ದೂ ಹಾಗೇ ತಿರುಗುಮುರುಗು. ಬುಕಿಂಗ್, ಪ್ಯಾಕೇಜ್ ತೆಗೆದು, "ನೇತ್ರಾಣಿ ಸ್ಕೂಬಾ: ಈಜು ಬಾರದವರಿಗೆ, ಯಾವ ತಿಂಗಳು, ಏನು ತಯಾರಿ" ಅಂತ ಹಾಕಿದರೆ ಪುಟ ತನ್ನ ಜಾಗಕ್ಕೆ ಬರುತ್ತದೆ.

ನೇತ್ರಾಣಿಯಂಥ ಪದದಲ್ಲಿ ಉದ್ದೇಶ ಕಾಲಕ್ಕೆ ತಕ್ಕಂತೆ ಹೊರಳುವುದೂ ಉಂಟು. ಮಳೆಗಾಲದಲ್ಲಿ ಕಡಲು ಒರಟು, ಸ್ಕೂಬಾ ನಡೆಯುವುದಿಲ್ಲ. ಆಗ ಹುಡುಕುವವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು "ಯಾವಾಗ ಶುರು" ಎಂಬ ಉತ್ತರ. ಚಳಿಗಾಲ ಹತ್ತಿರ ಬಂದ ಹಾಗೆ ಅದೇ ಪದವನ್ನು ಟೈಪ್ ಮಾಡುವವರು ಸೀಟು ಹಿಡಿಯಲು ಬಂದಿರುತ್ತಾರೆ. ಬುಕಿಂಗ್ ಪುಟ ಇರುವವರು ಇದಕ್ಕಾಗಿ ಶೀರ್ಷಿಕೆಯನ್ನು ವರ್ಷಕ್ಕೆರಡು ಸಲ ಬದಲಿಸುವುದು ಬೇಡ. ಮುಂದಿನ ಹಂಗಾಮು ಯಾವಾಗ ತೆರೆಯುತ್ತದೆ ಅನ್ನುವ ಒಂದು ಸಾಲನ್ನು ಪುಟದ ಮೇಲ್ಭಾಗದಲ್ಲಿ ಹಾಕಿ, ಫೋನ್ ನಂಬರ್ ಪಡೆಯುವ ಪೆಟ್ಟಿಗೆ ಇಟ್ಟರೆ ಸಾಕು.

ಉಪ್ಪಿನಕಾಯಿ ಮನೆಯವರಿಗೂ ಇದೇ ಮಾತು. ಆ ವರ್ಷದ ಮಿಡಿ ಬೇಗ ತೀರಿ ಬಾಟಲಿ ಖಾಲಿಯಾದರೆ ಪುಟವನ್ನು ಅಳಿಸಬೇಡಿ, ಶೀರ್ಷಿಕೆಯಲ್ಲಿ "ಖಾಲಿ" ಅಂತ ಬರೆಯಲೂ ಹೋಗಬೇಡಿ. ಉತ್ಪನ್ನದ ಮಾಹಿತಿಯಲ್ಲಿ ಸ್ಟಾಕ್ ಇಲ್ಲ ಅಂತ ಗುರುತು ಮಾಡಿ, ಮುಂದಿನ ಬಾಟಲಿ ಯಾವ ತಿಂಗಳು ಸಿಗುತ್ತದೆ ಅಂತ ಗುಂಡಿಯ ಜಾಗದಲ್ಲಿ ಬರೆದುಬಿಡಿ.